ನಲವತ್ತು ದಿನಗಳ ಅನುಷ್ಠಾನ ಮತ್ತು ರಜೆಯ ಅರ್ಜಿ: ಉದ್ಯೋಗಸ್ಥ ಭಕ್ತರಿಗೆ ಒಂದು ವಿವರಣೆ

ಮಹಾಶಿವರಾತ್ರಿ ಸಮೀಪಿಸಿದಂತೆ ಯಾದಗಿರಿ, ಶಹಾಪುರ, ಸುರಪುರ ಭಾಗದ ಅನೇಕ ಸದ್ಭಕ್ತರು ಯುಗಾದಿಯವರೆಗಿನ ಅನುಷ್ಠಾನಕ್ಕೆ ಸಂಕಲ್ಪ ಮಾಡುತ್ತಾರೆ. ನಸುಕಿನಲ್ಲಿ ಎದ್ದು ಇಷ್ಟಲಿಂಗ ಪೂಜೆ, ಮಠದಲ್ಲಿ ಪ್ರಾರ್ಥನೆ, ಕೊನೆಯಲ್ಲಿ ಕಾಲ್ನಡಿಗೆಯಿಂದ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನ, ಇದು ಅದರ ಕ್ರಮ. ಹೊಲ ಮನೆ ನೋಡಿಕೊಳ್ಳುವವರಿಗೆ ಇದರಲ್ಲಿ ಹೆಚ್ಚಿನ ತೊಡಕಿಲ್ಲ. ಆದರೆ ಹತ್ತಿ ಕಾರ್ಖಾನೆ, ಅಕ್ಕಿ ಗಿರಣಿ, ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ದುಡಿಯುವವರು ಶ್ರೀಮಠಕ್ಕೆ ಬಂದು, ‘ನಲವತ್ತು ದಿನ ರಜೆ ಕೇಳಿದರೆ ಮಾಲೀಕರು ಕೊಡುವುದಿಲ್ಲ, ಏನು ಮಾಡುವುದು?’ ಎಂದು ವಿಚಾರಿಸುತ್ತಾರೆ. ಅವರಿಗಾಗಿ ಈ ಬರಹ.

ಮೊದಲು ತಿಳಿಯಬೇಕಾದುದೆಂದರೆ, ನಲವತ್ತು ದಿನಗಳ ಅನುಷ್ಠಾನಕ್ಕೆ ನಲವತ್ತು ದಿನಗಳ ರಜೆ ಬೇಕಾಗಿಲ್ಲ. ಸಂಕಲ್ಪದ ದಿನಗಳು ಬೇರೆ, ಕೆಲಸಕ್ಕೆ ಬರಲಾಗದ ದಿನಗಳು ಬೇರೆ. ಇವೆರಡನ್ನೂ ಒಂದೇ ಎಂದು ಬರೆದಾಗಲೇ ಅರ್ಜಿ ತಿರಸ್ಕೃತವಾಗುವುದು ಹೆಚ್ಚು. ಆದ್ದರಿಂದ ಅರ್ಜಿ ಬರೆಯುವ ಮುನ್ನ ಪಂಚಾಂಗ ಮತ್ತು ಕ್ಯಾಲೆಂಡರ್ ಎರಡನ್ನೂ ಎದುರಿಗಿಟ್ಟುಕೊಂಡು ದಿನಗಳನ್ನು ವಿಂಗಡಿಸಬೇಕು.

ದಿನಗಳ ವಿಂಗಡಣೆ

2026ನೆಯ ಇಸವಿಯನ್ನೇ ಉದಾಹರಣೆಯಾಗಿ ನೋಡೋಣ. ಆ ವರ್ಷ ಮಹಾಶಿವರಾತ್ರಿ ಫೆಬ್ರುವರಿ 15, ಭಾನುವಾರ. ಯುಗಾದಿ ಮಾರ್ಚ್ 19, ಗುರುವಾರ. ಯುಗಾದಿಯಂದು ಮುಗಿಯುವಂತೆ ಹಿಂದಕ್ಕೆ ಎಣಿಸಿದರೆ ನಲವತ್ತು ದಿನಗಳ ಸಂಕಲ್ಪ ಫೆಬ್ರುವರಿ 8ರ ಭಾನುವಾರ ಆರಂಭವಾಗುತ್ತದೆ.

ಸುರಪುರದಲ್ಲಿ ವಾಸವಾಗಿದ್ದು ಶಹಾಪುರದ ಒಂದು ಹತ್ತಿ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಭಕ್ತರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರ ಕೆಲಸ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ, ಭಾನುವಾರ ವಾರದ ರಜೆ. ಅವರ ಅನುಷ್ಠಾನ ತಾನಾಗಿಯೇ ಎರಡು ಭಾಗವಾಗುತ್ತದೆ.

ಮೊದಲನೆಯದು ಫೆಬ್ರುವರಿ 8ರಿಂದ ಮಾರ್ಚ್ 6ರವರೆಗಿನ 27 ದಿನ. ಈ ಅವಧಿಯಲ್ಲಿ ನಸುಕಿನ 4 ಗಂಟೆಗೆ ಏಳುವುದು, ಪೂಜೆ, ಮಠದಲ್ಲಿ ಏಳೂವರೆಯವರೆಗೆ ಪ್ರಾರ್ಥನೆ. ಅನಂತರ ಪ್ರಸಾದ ಸ್ವೀಕರಿಸಿ ಬಸ್ಸು ಹಿಡಿದು ಶಹಾಪುರ ತಲುಪುವಾಗ 9 ಗಂಟೆ ದಾಟುತ್ತದೆ. ಇದಕ್ಕೆ ರಜೆ ಬೇಕಿಲ್ಲ. ಅರ್ಧ ಗಂಟೆ ತಡವಾಗಿ ಬಂದು ಸಂಜೆ ಅರ್ಧ ಗಂಟೆ ಹೆಚ್ಚು ಕುಳಿತುಕೊಳ್ಳುವ ಅನುಮತಿ ಸಾಕು. ಶಿವರಾತ್ರಿ ಭಾನುವಾರವೇ ಬಂದಿದೆ. ಜಾಗರಣೆಯ ಮರುದಿನ, ಫೆಬ್ರುವರಿ 16ರ ಸೋಮವಾರ, ಒಂದು ದಿನ ರಜೆ ಬೇಕಾಗುತ್ತದೆ.

ಎರಡನೆಯದು ಪಾದಯಾತ್ರೆ. ಸುರಪುರದಿಂದ ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ, ದೇವದುರ್ಗ, ರಾಯಚೂರು, ಕರ್ನೂಲು, ಆತ್ಮಕೂರು ಮಾರ್ಗವಾಗಿ ವೆಂಕಟಾಪುರದ ಬಳಿ ನಲ್ಲಮಲ ಅರಣ್ಯವನ್ನು ಹೊಕ್ಕು ಶ್ರೀಶೈಲ ಸೇರಲು ಸುಮಾರು 300 ಕಿಲೋಮೀಟರ್ ನಡೆಯಬೇಕು. ಮಾರ್ಚಿನ ಬಿಸಿಲಿನಲ್ಲಿ ನಡಿಗೆ ಸಾಗುವುದು ನಸುಕಿನಲ್ಲಿ ಮತ್ತು ಸಂಜೆಯಲ್ಲಿ ಮಾತ್ರ. ದಿನಕ್ಕೆ 25ರಿಂದ 30 ಕಿಲೋಮೀಟರಿನಂತೆ ಹನ್ನೆರಡು ದಿನ ಬೇಕು. ಮಾರ್ಚ್ 7ರಂದು ಹೊರಟವರು 18ರಂದು ತಲುಪಿ, 19ರ ಯುಗಾದಿಯಂದು ದರ್ಶನ ಪಡೆದು ಸಂಕಲ್ಪ ಮುಗಿಸುತ್ತಾರೆ. 20ರಂದು ಬಸ್ಸಿನಲ್ಲಿ ಹಿಂದಿರುಗಿ, 21ರಂದು ಕಾಲುಗಳಿಗೆ ವಿಶ್ರಾಂತಿ ಕೊಟ್ಟು, 23ರ ಸೋಮವಾರ ಕೆಲಸಕ್ಕೆ ಹಾಜರಾಗಬಹುದು. ವಿಶ್ರಾಂತಿಯ ಆ ಒಂದು ದಿನವನ್ನು ಮೊದಲೇ ಸೇರಿಸಿ ಕೇಳುವುದು ಒಳ್ಳೆಯದು. ಅದನ್ನು ಬಿಟ್ಟು ಬರೆದು, ಬೊಬ್ಬೆ ಎದ್ದ ಪಾದಗಳೊಡನೆ ದೂರವಾಣಿಯಲ್ಲಿ ರಜೆ ವಿಸ್ತರಿಸಿರೆಂದು ಕೇಳಿದರೆ ಕೊಟ್ಟ ಮಾತು ತಪ್ಪಿದಂತಾಗುತ್ತದೆ.

ಈಗ ಎಣಿಸೋಣ. ಭಾನುವಾರಗಳನ್ನೂ ಯುಗಾದಿಯ ರಜೆಯನ್ನೂ ಬಿಟ್ಟರೆ ಮಾರ್ಚ್ 7ರಿಂದ 21ರೊಳಗೆ ಕೆಲಸದ ದಿನಗಳು ಹನ್ನೆರಡು. ಫೆಬ್ರುವರಿ 16 ಸೇರಿದರೆ ಹದಿಮೂರು. ನಲವತ್ತು ದಿನ ಎಂದು ಭಯಪಟ್ಟದ್ದು ಹದಿಮೂರು ದಿನಗಳ ರಜೆಯಾಗಿ, 22 ದಿನಗಳ ಅರ್ಧ ಗಂಟೆಯ ಹೊಂದಾಣಿಕೆಯಾಗಿ ಉಳಿಯಿತು.

ರಜೆಯ ಖಾತೆ

ವ್ರತ, ಅನುಷ್ಠಾನಗಳಿಗೆಂದೇ ಪ್ರತ್ಯೇಕ ರಜೆಯನ್ನು ಕಾನೂನು ನೀಡಿಲ್ಲ. ದುಡಿದು ಗಳಿಸಿದ ರಜೆಯನ್ನೇ ಇದಕ್ಕೆ ಬಳಸಬೇಕು. ಕಾರ್ಖಾನೆ ಮತ್ತು ಅಂಗಡಿ ಸಂಸ್ಥೆಗಳಲ್ಲಿ ಸಾಮಾನ್ಯ ಲೆಕ್ಕವೆಂದರೆ, ನಿಗದಿತ ದಿನಗಳ ಸೇವೆ ಸಲ್ಲಿಸಿದವರಿಗೆ ಇಪ್ಪತ್ತು ದಿನಗಳ ಕೆಲಸಕ್ಕೆ ಒಂದು ದಿನದ ವೇತನಸಹಿತ ರಜೆ. ಹಿಂದಿನ ವರ್ಷ 280 ದಿನ ದುಡಿದವರ ಖಾತೆಯಲ್ಲಿ ಹದಿನಾಲ್ಕು ದಿನಗಳಿರುತ್ತವೆ. ನಮ್ಮ ಉದಾಹರಣೆಯ ಹದಿಮೂರು ದಿನ ಅದರೊಳಗೆ ಹಿಡಿಯುತ್ತದೆ. ರಾಜ್ಯ ಸರ್ಕಾರಿ ನೌಕರರಿಗೆ ಗಳಿಕೆ ರಜೆ ಜನವರಿ ಮತ್ತು ಜುಲೈ ಒಂದನೆಯ ತಾರೀಖಿಗೆ ತಲಾ ಹದಿನೈದು ದಿನ ಜಮೆಯಾಗುತ್ತದೆ. ಅವರು ಸಾಂದರ್ಭಿಕ ರಜೆಯನ್ನು ಗಳಿಕೆ ರಜೆಯೊಡನೆ ಜೋಡಿಸಿ ಬರೆಯಬಾರದು. ಹಾಗೆ ಬರೆದ ಅರ್ಜಿ ಹಿಂದಿರುಗುತ್ತದೆ.

ರಜೆ ಖಾತೆಯಲ್ಲಿದೆ ಎಂದ ಮಾತ್ರಕ್ಕೆ ಕೇಳಿದ ದಿನವೇ ಸಿಗಬೇಕೆಂದಿಲ್ಲ; ಕೆಲಸದ ಅಗತ್ಯ ನೋಡಿ ದಿನಾಂಕ ಬದಲಿಸುವ ಅಧಿಕಾರ ಮಂಜೂರು ಮಾಡುವವರಿಗಿದೆ. ಆದ್ದರಿಂದ ಅರ್ಜಿಯನ್ನು ಬೇಗ ಕೊಡಬೇಕು. 1948ರ ಕಾರ್ಖಾನೆ ಕಾಯ್ದೆ ಕನಿಷ್ಠ ಹದಿನೈದು ದಿನ ಮುಂಚಿತ ಅರ್ಜಿಯನ್ನು ವಿಧಿಸಿತ್ತು. ಮಾರ್ಚ್ ತಿಂಗಳು ಲೆಕ್ಕಪತ್ರದ ವರ್ಷಾಂತ್ಯವೂ ಪರೀಕ್ಷೆಗಳ ಕಾಲವೂ ಆಗಿರುವುದರಿಂದ ಜನವರಿ ಮಧ್ಯದೊಳಗೆ ಕೊಡುವುದು ಲೇಸೆಂದು ನಾವು ಹೇಳುತ್ತೇವೆ.

ಅರ್ಜಿಯ ಮಾದರಿ

ಅರ್ಜಿಯಲ್ಲಿ ಕಾರಣ ಒಂದು ವಾಕ್ಯದಲ್ಲಿರಲಿ, ದಿನಾಂಕಗಳು ಸ್ಪಷ್ಟವಾಗಿರಲಿ, ತಮ್ಮ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆಂಬುದು ತಪ್ಪದೆ ಇರಲಿ. ಮೇಲಿನ ಉದಾಹರಣೆಗೆ ಅದು ಹೀಗಿರುತ್ತದೆ:

ಇವರಿಗೆ,
ವ್ಯವಸ್ಥಾಪಕರು, (ಸಂಸ್ಥೆಯ ಹೆಸರು), ಶಹಾಪುರ.

ದಿನಾಂಕ: 12 ಜನವರಿ 2026

ವಿಷಯ: 13 ದಿನಗಳ ಗಳಿಕೆ ರಜೆ ಮತ್ತು 22 ದಿನ ಕೆಲಸದ ವೇಳೆಯಲ್ಲಿ ಅರ್ಧ ಗಂಟೆ ಬದಲಾವಣೆ ಕೋರಿ.

ಮಾನ್ಯರೇ,

ನಾನು ಫೆಬ್ರುವರಿ 8ರಿಂದ ಮಾರ್ಚ್ 19ರವರೆಗೆ ನಲವತ್ತು ದಿನಗಳ ಧಾರ್ಮಿಕ ಅನುಷ್ಠಾನ ಕೈಗೊಂಡಿದ್ದು, ಕೊನೆಯಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಲಿದ್ದೇನೆ.

ಫೆಬ್ರುವರಿ 9ರಿಂದ ಮಾರ್ಚ್ 6ರವರೆಗೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರ ಬದಲು 9.30ಕ್ಕೆ ಬಂದು, ಸಂಜೆ 6ರ ಬದಲು 6.30ಕ್ಕೆ ಹೊರಡಲು ಅನುಮತಿ ಕೋರುತ್ತೇನೆ. ಫೆಬ್ರುವರಿ 16ರಂದು ಒಂದು ದಿನ, ಮಾರ್ಚ್ 7ರಿಂದ 21ರವರೆಗೆ ಭಾನುವಾರಗಳು ಮತ್ತು ಯುಗಾದಿಯನ್ನು ಹೊರತುಪಡಿಸಿ 12 ದಿನ, ಒಟ್ಟು 13 ದಿನ ರಜೆ ಬೇಕಾಗಿದೆ. ಮಾರ್ಚ್ 23ರ ಸೋಮವಾರ ಹಾಜರಾಗುತ್ತೇನೆ.

ಫೆಬ್ರುವರಿ ತಿಂಗಳ ಸಂಬಳದ ಪಟ್ಟಿ ಮತ್ತು ಜಿ.ಎಸ್.ಟಿ. ಲೆಕ್ಕವನ್ನು ಮಾರ್ಚ್ 6ರೊಳಗೆ ಸಿದ್ಧಪಡಿಸಿ ಕೊಡುತ್ತೇನೆ. ಮಾರ್ಚ್ 11 ಮತ್ತು 20ರೊಳಗೆ ಸಲ್ಲಿಸಬೇಕಾದ ವಿವರಗಳನ್ನು ಸಲ್ಲಿಸಲು ಸಹೋದ್ಯೋಗಿ (ಹೆಸರು) ಅವರು ಒಪ್ಪಿದ್ದಾರೆ. ದಿನವೂ ಸಂಜೆ ದೂರವಾಣಿಯಲ್ಲಿ ಸಿಗುತ್ತೇನೆ. ಅರಣ್ಯಮಾರ್ಗದ ಕೊನೆಯ ಎರಡು ದಿನ ಸಿಗದಿರಬಹುದು.

ದಯವಿಟ್ಟು ಮಂಜೂರು ಮಾಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ, ಹೆಸರು, ಹುದ್ದೆ)
ಒಪ್ಪಿಗೆ: (ಸಹೋದ್ಯೋಗಿಯ ಸಹಿ)

ಇದರಲ್ಲಿ ಕ್ಷೇತ್ರಮಹಿಮೆಯಿಲ್ಲ, ‘ತಮ್ಮ ಪಾದಕ್ಕೆ ಬಿದ್ದು’ ಎಂಬ ದೈನ್ಯವಿಲ್ಲ. ಓದುವವರಿಗೆ ಬೇಕಾದದ್ದು ಮೂರೇ: ಯಾವ ದಿನ ಬರುವುದಿಲ್ಲ, ಆ ದಿನಗಳ ಕೆಲಸ ಹೇಗೆ ನಡೆಯುತ್ತದೆ, ಯಾವ ದಿನ ಮರಳಿ ಬರುತ್ತೀರಿ. ಸಹೋದ್ಯೋಗಿಯ ಸಹಿ ಪಡೆಯುವ ಮೊದಲು ಅವರ ಅನುಕೂಲವನ್ನೂ ಕೇಳಬೇಕು. 2026ರಲ್ಲಿ ಯುಗಾದಿಯ ಮರುದಿನ ಅಥವಾ ಅದರ ಮರುದಿನ, ಚಂದ್ರದರ್ಶನಕ್ಕೆ ತಕ್ಕಂತೆ, ರಂಜಾನ್ ಹಬ್ಬ. ನಿಮ್ಮ ಕೆಲಸ ವಹಿಸಿಕೊಳ್ಳುವವರು ಮುಸಲ್ಮಾನ ಬಂಧುವಾಗಿದ್ದರೆ 20ರ ಹೊಣೆಯನ್ನು ಮುಂಚೆಯೇ ಮುಗಿಸಿಕೊಡುವುದು ನಿಮ್ಮ ಕರ್ತವ್ಯ.

ತಪ್ಪುವುದೆಲ್ಲಿ

ಕೆಲವರು ‘ವೈಯಕ್ತಿಕ ಕಾರಣ’ ಎಂದು ಬರೆಯುತ್ತಾರೆ, ಇನ್ನು ಕೆಲವರು ಅನಾರೋಗ್ಯವೆಂದು ಬರೆದು ವೈದ್ಯರ ಪ್ರಮಾಣಪತ್ರ ತರುತ್ತಾರೆ. ಕಂಬಿ ಹೊತ್ತು ನಡೆಯುವ ಭಾವಚಿತ್ರ ಸಂಜೆಯೊಳಗೆ ಊರಿನವರೆಲ್ಲರ ಮೊಬೈಲಿನಲ್ಲಿರುತ್ತದೆ. ಸುಳ್ಳು ಪ್ರಮಾಣಪತ್ರ ಶಿಸ್ತುಕ್ರಮಕ್ಕೆ ದಾರಿ. ಅದಕ್ಕಿಂತ ಮುಖ್ಯವಾಗಿ, ಸುಳ್ಳಿನಿಂದ ಆರಂಭವಾದ ನಡಿಗೆ ಅನುಷ್ಠಾನವಾಗುವುದಿಲ್ಲ. ಅರ್ಜಿ ಕೊಟ್ಟೊಡನೆ ಮಂಜೂರಾಯಿತೆಂದು ತಿಳಿಯುವುದೂ ತಪ್ಪು. ಮಂಜೂರಾತಿ ಬರಹದಲ್ಲಿ ಕೈಸೇರಿದ ಮೇಲೆಯೇ ಹೊರಡಬೇಕು.

ಯಂತ್ರದ ಮುಂದೆ ದುಡಿಯುವವರು, ವಾಹನ ಚಾಲಕರು ಇನ್ನೊಂದು ಸಂಗತಿ ಗಮನಿಸಬೇಕು. 4 ಗಂಟೆಗೆ ಏಳುವವರು ರಾತ್ರಿ 9ಕ್ಕೆ ಮಲಗದಿದ್ದರೆ ಮಧ್ಯಾಹ್ನ ತೂಕಡಿಕೆ ಬರುತ್ತದೆ. ರಾತ್ರಿ ಪಾಳಿ ಇರುವವರು ಆ ದಿನಗಳಿಗೆ ಹಗಲು ಪಾಳಿ ಬದಲಿಸಿಕೊಳ್ಳಲು ಅರ್ಜಿಯಲ್ಲಿಯೇ ಕೇಳಲಿ. ಅದು ಸಿಗದಿದ್ದರೆ ಪೂಜೆಯ ವೇಳೆಯನ್ನು ಬದಲಿಸಿಕೊಳ್ಳಲಿ.

ಹದಿಮೂರು ದಿನ ಕೊಡಲಾಗದೆಂದು ಮಾಲೀಕರು ಹೇಳಿದರೆ ಸಂಕಲ್ಪ ಮುರಿಯಬೇಕಾಗಿಲ್ಲ. ಬಸ್ಸಿನಲ್ಲಿ ಆತ್ಮಕೂರಿಗೆ ಹೋಗಿ ಅಲ್ಲಿಂದ ಅರಣ್ಯಮಾರ್ಗವನ್ನಷ್ಟೇ ನಡೆಯುವವರೂ ಇದ್ದಾರೆ. ಮಾರ್ಚ್ 16ರ ಸೋಮವಾರ ಹೊರಟರೆ ಆರು ದಿನಗಳ ವಾರದಲ್ಲಿ ಯುಗಾದಿ ಬಿಟ್ಟು ಐದೇ ದಿನ ರಜೆ ಸಾಕು. ಅಥವಾ ಉಳಿದ ದಿನಗಳಿಗೆ ವೇತನರಹಿತ ರಜೆ ಕೇಳಬಹುದು. ಈ ಪರ್ಯಾಯವನ್ನು ಅರ್ಜಿಯಲ್ಲಿ ಬರೆಯದೆ ಮುಖತಃ ಮಾತನಾಡುವಾಗ ಹೇಳಿರಿ.

ಮಠದಿಂದ ಮಾಲೀಕರಿಗೆ ಒಂದು ಮಾತು ಹೇಳಿಸಿರಿ ಎಂದು ಕೆಲವರು ಕೇಳುತ್ತಾರೆ. ಪಾದಯಾತ್ರೆಯ ದಿನಾಂಕಗಳನ್ನು ತಿಳಿಸುವ ಪತ್ರವನ್ನು ನಾವು ಕೊಡುತ್ತೇವೆ, ಶಿಫಾರಸು ಮಾಡುವುದಿಲ್ಲ. ಗುರುಗಳ ಹೆಸರಿನ ಒತ್ತಡಕ್ಕೆ ಸಿಕ್ಕ ರಜೆ ಸಹೋದ್ಯೋಗಿಗಳ ಮೇಲೆ ಹೊರೆಯಾಗಿ ಬೀಳುತ್ತದೆ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಮರಳಿ ಕಳುಹಿಸಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ರಜೆಯೂ ಹಾಗೆಯೇ. ಎಷ್ಟು ದಿನ ಬೇಕೋ ಅಷ್ಟನ್ನೇ ಎಣಿಸಿ ಕೇಳುವುದು ಕಾಯಕಕ್ಕೆ ಸಲ್ಲಿಸುವ ಗೌರವ.

2026ರ ದಿನಾಂಕಗಳು ಉದಾಹರಣೆಗಾಗಿ ಮಾತ್ರ. ಪ್ರತಿ ವರ್ಷ ಯುಗಾದಿಯಿಂದ ಹಿಂದಕ್ಕೆ ಎಣಿಸಿ, ಭಾನುವಾರ ಮತ್ತು ಹಬ್ಬಗಳನ್ನು ಗುರುತಿಸಿಕೊಂಡು, ಅನಂತರ ಅರ್ಜಿ ಬರೆಯಿರಿ. ಶರಣು ಶರಣಾರ್ಥಿ.