ಹಲಗೆಯ ಮೇಲೆ ಉಳಿದ ಹೆಸರು

ಚೀಟಿಗಳ ಒಂದು ಮೂಟೆ ಇದೆ, ಪ್ರತಿ ಚೀಟಿಯಲ್ಲೂ ಒಂದು ಹೆಸರು. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಒಂದೇ ಹೆಸರಿದೆಯೇ, ಇದ್ದರೆ ಯಾವುದು? ಹೆಸರಿಗೊಂದು ಸಾಲು ಮಾಡಿ ಗೀಟು ಹಾಕುತ್ತ ಹೋಗಬಹುದು. ಆದರೆ ಸಾವಿರಾರು ಹೆಸರುಗಳಿದ್ದರೆ ಅದಕ್ಕೆ ಪುಸ್ತಕವೇ ಬೇಕಾದೀತು. 1980ರಲ್ಲಿ ರಾಬರ್ಟ್ ಬೋಯರ್ ಮತ್ತು ಜೆ ಸ್ಟ್ರೋದರ್ ಮೂರ್ ಎಂಬ ಅಮೆರಿಕದ ಇಬ್ಬರು ಗಣಕ ವಿಜ್ಞಾನಿಗಳು ಕಂಡುಕೊಂಡ ಉಪಾಯಕ್ಕೆ ಅಂಗೈಯಗಲದ ಹಲಗೆ ಸಾಕು. ಅದರ ಮೇಲೆ ಒಂದು ಹೆಸರು, ಒಂದು ಅಂಕಿ, ಅಷ್ಟೇ. ಚೀಟಿ ಹತ್ತಿರಲಿ, ಹತ್ತು ಕೋಟಿ ಇರಲಿ, ಎರಡನೇ ಹೆಸರು ಬರೆಯುವ ಪ್ರಸಂಗವೇ ಇಲ್ಲ.

ಅಂಕಿ ಸೊನ್ನೆ ಇದ್ದಾಗ ಕೈಗೆ ಬಂದ ಚೀಟಿಯ ಹೆಸರನ್ನು ಹಲಗೆಯ ಮೇಲೆ ಬರೆದು ಅಂಕಿಯನ್ನು 1 ಮಾಡಬೇಕು. ಸೊನ್ನೆ ಅಲ್ಲದಿದ್ದರೆ, ಹಲಗೆಯ ಹೆಸರೇ ಬಂದಾಗ ಒಂದು ಕೂಡಬೇಕು, ಬೇರೆ ಬಂದಾಗ ಒಂದು ಕಳೆಯಬೇಕು.

ಒಂಬತ್ತು ಚೀಟಿಗಳು ಈ ಕ್ರಮದಲ್ಲಿ ಬಂದವು ಎನ್ನಿ: ಕ, ಕ, ಗ, ಚ, ಕ, ಗ, ಕ, ಚ, ಕ. ಮೊದಲೆರಡಕ್ಕೆ ಅಂಕಿ 2ಕ್ಕೆ ಏರುತ್ತದೆ, ಗ ಮತ್ತು ಚ ಸೇರಿ ಅದನ್ನು ಸೊನ್ನೆಗೆ ಇಳಿಸುತ್ತವೆ. ಮತ್ತೆ ಕ ಬಂದು 1, ಗ ಬಂದು ಸೊನ್ನೆ. ಕ ಬಂದು 1, ಚ ಬಂದು ಸೊನ್ನೆ. ಕೊನೆಯ ಕ ಹಲಗೆಯ ಮೇಲೆ ಉಳಿಯುತ್ತದೆ. ನಿಜಕ್ಕೂ ಕ ಒಂಬತ್ತರಲ್ಲಿ ಐದು ಸಲ ಬಂದಿದೆ.

ಇದು ಕಾಕತಾಳೀಯವಲ್ಲ. ಒಂದು ಕಳೆದಾಗಲೆಲ್ಲ ನಾವು ಮಾಡುತ್ತಿರುವುದು ಬೇರೆ ಬೇರೆ ಹೆಸರಿನ ಎರಡು ಚೀಟಿಗಳನ್ನು ಜೋಡಿ ಮಾಡಿ ಆಚೆ ಎಸೆಯುವ ಕೆಲಸ. ಕ ಚೀಟಿಯೊಂದು ಆಚೆ ಹೋಗಬೇಕಾದರೆ ಕ ಅಲ್ಲದ್ದೊಂದು ಅದರ ಜೊತೆ ಹೋಗಲೇಬೇಕು. ಐದು ಕ ಇದ್ದು ಉಳಿದವು ನಾಲ್ಕೇ ಆದಾಗ, ಚೀಟಿಗಳು ಯಾವ ಕ್ರಮದಲ್ಲಿ ಬಂದರೂ ಒಂದು ಕ ಜೋಡಿಯಿಲ್ಲದೆ ಉಳಿಯುತ್ತದೆ.

ಈಗ ಕೊನೆಯ ಚೀಟಿಯೊಂದನ್ನು ಮಾತ್ರ ಚ ಎಂದು ಬದಲಿಸಿ. ಎಂಟನೆಯದರವರೆಗೆ ಎಲ್ಲವೂ ಮೊದಲಿನಂತೆಯೇ, ಅಂಕಿ ಸೊನ್ನೆ. ಒಂಬತ್ತನೆಯದಕ್ಕೆ ಹಲಗೆಯ ಮೇಲೆ ಚ ಬಂದು ಕೂರುತ್ತದೆ. ಆದರೆ ಚ ಬಂದದ್ದು ಮೂರೇ ಸಲ, ಕ ನಾಲ್ಕು ಸಲ! ಬಹುಮತ ಯಾರಿಗೂ ಇಲ್ಲ, ಹಲಗೆಯ ಮೇಲಿರುವ ಹೆಸರು ಮೊದಲ ಸ್ಥಾನದ್ದೂ ಅಲ್ಲ. (ನಮ್ಮ ಚುನಾವಣೆಯಲ್ಲಾದರೆ ನಾಲ್ಕು ಮತದ ಕ ಗೆಲ್ಲುತ್ತಿತ್ತು. ಈ ಉಪಾಯ ಹುಡುಕುವುದು ಆ ಬಗೆಯ ಗೆಲುವನ್ನಲ್ಲ.)

ಅಂಕಿ ನೋಡಿ ತಿಳಿಯಬಹುದಲ್ಲ ಎನಿಸೀತು. ಎರಡು ಸಲವೂ ಅದು 1 ಎಂದೇ ತೋರಿಸಿತು, ಒಮ್ಮೆ ಬಹುಮತವಿತ್ತು, ಒಮ್ಮೆ ಇರಲಿಲ್ಲ. ಹಾಗಾಗಿ ಮೂಟೆಯನ್ನು ಮತ್ತೊಮ್ಮೆ ಬಿಚ್ಚಬೇಕು. ಈ ಸಲ ಹಲಗೆಯ ಮೇಲಿನ ಹೆಸರೊಂದನ್ನೇ ಮೊದಲಿಂದ ಎಣಿಸಿದರೆ ಸಾಕು: ಅರ್ಧ ದಾಟಿದರೆ ಅದೇ ಉತ್ತರ, ದಾಟದಿದ್ದರೆ ಬಹುಮತವೇ ಇಲ್ಲ. ಇನ್ನೊಂದು ಹೆಸರನ್ನು ಪರೀಕ್ಷಿಸುವ ಅಗತ್ಯವಿಲ್ಲ, ಬಹುಮತದ ಹೆಸರೇನಾದರೂ ಇದ್ದಿದ್ದರೆ ಮೊದಲ ಸುತ್ತಿನಲ್ಲಿ ಅದೇ ಉಳಿಯುತ್ತಿತ್ತು.

ಪ್ರೋಗ್ರಾಮಿಂಗ್ ಕಲಿಯುವವರು ಈ ಎರಡನೇ ಸುತ್ತನ್ನು ಮರೆಯುವುದಕ್ಕೆ ಕಾರಣವಿದೆ. ಅಭ್ಯಾಸದ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ‘ಬಹುಮತ ಇದ್ದೇ ಇದೆ’ ಎಂದು ಮೊದಲೇ ಹೇಳಿರುತ್ತಾರೆ, ಅಲ್ಲಿ ಒಂದೇ ಸುತ್ತು ಸಾಕು. ಅದೇ ಪ್ರೋಗ್ರಾಮನ್ನು ಆ ಭರವಸೆ ಇಲ್ಲದ ಕಡೆ ಓಡಿಸಿದರೆ ಯಾವ ದೋಷದ ಸೂಚನೆಯೂ ಬರುವುದಿಲ್ಲ, ಚ ಎಂಬ ಉತ್ತರ ಮಾತ್ರ ಬರುತ್ತದೆ. ಇನ್ನು ಚೀಟಿಗಳನ್ನು ಓದಿದ ಕೂಡಲೇ ಒಲೆಗೆ ಹಾಕಿಬಿಟ್ಟಿದ್ದರೆ, ಅಂದರೆ ಮಾಹಿತಿ ಹರಿದು ಹೋಗಿ ಮತ್ತೆ ಸಿಗದಂತಿದ್ದರೆ, ಎರಡನೇ ಸುತ್ತಿಗೆ ದಾರಿಯೇ ಇಲ್ಲ. ಆಗ ಕೈಯಲ್ಲಿರುವುದು ಹುರಿಯಾಳಿನ ಹೆಸರಷ್ಟೇ, ಗೆದ್ದವನದ್ದಲ್ಲ.