ಚೀಟಿ ಮತ್ತು ಆರ್‌ಡಿ: ಆರು ತಪ್ಪು ಕಲ್ಪನೆ, ಆರು ಸತ್ಯ

ಮೆಜೆಸ್ಟಿಕ್, ಗಾಂಧಿನಗರ, ಚಿಕ್ಕಪೇಟೆಗಳ ವ್ಯಾಪಾರಿಗಳಲ್ಲಿ ಹಲವರು ಎರಡು ಕಡೆ ಉಳಿತಾಯ ಮಾಡುತ್ತಾರೆ. ಒಂದು ಬ್ಯಾಂಕಿನ ಆರ್‌ಡಿ, ಅಂದರೆ ತಿಂಗಳಿಗೆ ಇಷ್ಟೆಂದು ಕಟ್ಟುವ ಆವರ್ತ ಠೇವಣಿ. ಇನ್ನೊಂದು ಹರಾಜು ಚೀಟಿ. ಎರಡರಲ್ಲೂ ತಿಂಗಳು ತಿಂಗಳು ಹಣ ಕಟ್ಟಬೇಕು, ಎರಡರಲ್ಲೂ ಕೊನೆಗೆ ಇಡಿಗಂಟು ಕೈಗೆ ಬರುತ್ತದೆ. ಇಷ್ಟು ಹೋಲಿಕೆಯಿಂದಲೇ ಎರಡೂ ಒಂದೇ ಬಗೆಯವು ಎಂಬ ನಂಬಿಕೆ ಬೆಳೆದಿದೆ. ಆದರೆ ಲಾಭ ಎಲ್ಲಿಂದ ಬರುತ್ತದೆ, ನಷ್ಟವಾದರೆ ಯಾರ ತಲೆಗೆ ಬರುತ್ತದೆ ಎಂದು ನೋಡಿದರೆ ಎರಡರ ದಾರಿ ಬೇರೆ ಬೇರೆ.

ತಪ್ಪು ಕಲ್ಪನೆ 1: ಚೀಟಿ ಎಂದರೆ ಹೆಚ್ಚು ಬಡ್ಡಿ ಕೊಡುವ ಆರ್‌ಡಿ.

ಸತ್ಯ: ಚೀಟಿಯಲ್ಲಿ ಬಡ್ಡಿಯೇ ಇಲ್ಲ. ಬ್ಯಾಂಕು ಠೇವಣಿಯ ಹಣವನ್ನು ಹೊರಗಿನವರಿಗೆ ಸಾಲ ಕೊಟ್ಟು, ಬಂದ ಬಡ್ಡಿಯಲ್ಲಿ ಒಂದು ಪಾಲನ್ನು ಠೇವಣಿದಾರರಿಗೆ ಕೊಡುತ್ತದೆ. ಆರ್‌ಡಿ ತೆರೆದ ದಿನವೇ ಬಡ್ಡಿ ದರ ನಿಗದಿಯಾಗಿರುತ್ತದೆ. ಸಾಲ ಪಡೆದವರು ತೀರಿಸದಿದ್ದರೆ ಆ ನಷ್ಟ ಮೊದಲು ಬ್ಯಾಂಕಿನದು.

ಚೀಟಿಗೆ ಹೊರಗಿನ ಹಣ ಬರುವುದಿಲ್ಲ. 20 ಜನ ತಿಂಗಳಿಗೆ 5,000 ರೂಪಾಯಿಯಂತೆ 20 ತಿಂಗಳು ಕಟ್ಟುವ ಒಂದು ಲಕ್ಷದ ಚೀಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪ್ರತಿ ತಿಂಗಳೂ ಹರಾಜು ನಡೆಯುತ್ತದೆ. ಹಣದ ಅಗತ್ಯ ಇರುವವರು 'ಇಷ್ಟು ಬಿಟ್ಟು ಕೊಡುತ್ತೇನೆ' ಎಂದು ಕೂಗುತ್ತಾರೆ. ಹೆಚ್ಚು ಬಿಟ್ಟುಕೊಡುವವರಿಗೆ ಆ ತಿಂಗಳ ಚೀಟಿ. 30,000ಕ್ಕೆ ಕೂಗಿದವರ ಕೈಗೆ 70,000 ಬರುತ್ತದೆ. ಬಿಟ್ಟ 30,000ದಲ್ಲಿ ಚೀಟಿ ನಡೆಸುವ ಫೋರ್‌ಮನ್ನರ ಕಮಿಷನ್, ಶೇ 5 ಎಂದಾದರೆ 5,000 ರೂಪಾಯಿ, ಕಳೆಯುತ್ತದೆ. ಉಳಿದ 25,000 ಇಪ್ಪತ್ತೂ ಜನರಿಗೆ ಹಂಚಿಕೆಯಾಗಿ ತಲೆಗೆ 1,250 ಡಿವಿಡೆಂಡ್ ಆಗುತ್ತದೆ. ಹಾಗಾಗಿ ಆ ತಿಂಗಳ ಕಂತು 5,000ದ ಬದಲು 3,750. ಒಬ್ಬರಿಗೆ ಬಂದ ಡಿವಿಡೆಂಡ್ ಅವಸರದಲ್ಲಿದ್ದ ಇನ್ನೊಬ್ಬರು ಬಿಟ್ಟುಕೊಟ್ಟ ಹಣವೇ. ಮೊದಲು ಚೀಟಿ ಎತ್ತಿದವರು ಸಾಲಗಾರರು, ಕೊನೆಯವರೆಗೆ ಕಾದವರು ಅವರಿಗೆ ಸಾಲ ಕೊಟ್ಟವರು.

ತಪ್ಪು ಕಲ್ಪನೆ 2: ಕೊನೆಯಲ್ಲಿ ಚೀಟಿ ಎತ್ತಿದರೆ ಆರ್‌ಡಿಗಿಂತ ಲಾಭ ಖಚಿತ.

ಸತ್ಯ: ಲಾಭ ಎಷ್ಟೆಂಬುದು ಬೇರೆಯವರ ಅವಸರದ ಮೇಲೆ ನಿಂತಿದೆ. ಅದು ಚೀಟಿ ಮುಗಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಮೇಲಿನ ಚೀಟಿಯಲ್ಲಿ ಮೊದಲ ಐದು ತಿಂಗಳು 30,000, ಮುಂದಿನ ಐದು ತಿಂಗಳು 20,000, ಆಮೇಲಿನ ಐದು ತಿಂಗಳು 12,000ಕ್ಕೆ ಹರಾಜಾಗಿ, ಕಡೆಯ ಐದು ತಿಂಗಳು ಕಮಿಷನ್ ಮಾತ್ರ ಕಳೆಯಿತು ಎಂದುಕೊಂಡರೆ, ಪ್ರತಿಯೊಬ್ಬರೂ ಕಟ್ಟುವ ಒಟ್ಟು ಹಣ 88,250. ಕೊನೆಯ ತಿಂಗಳು ಎತ್ತಿದವರಿಗೆ ಬರುವುದು 95,000. ಲಾಭ 6,750 ರೂಪಾಯಿ, ವರ್ಷಕ್ಕೆ ಸುಮಾರು ಶೇ 10ರ ಲೆಕ್ಕ. ಅದೇ ಕಂತುಗಳನ್ನು ಅದೇ ತಿಂಗಳುಗಳಲ್ಲಿ ಶೇ 6.5ರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿ 4,400ರ ಆಸುಪಾಸು. ಇಲ್ಲಿ ಚೀಟಿಯೇ ಮೇಲು.

ಈಗ ಗುಂಪಿನಲ್ಲಿ ಅವಸರ ಇರುವವರು ಕಡಿಮೆ ಎಂದುಕೊಳ್ಳಬಹುದು. ಮೊದಲ ಐದು ತಿಂಗಳು 20,000, ಮುಂದಿನ ಐದು ತಿಂಗಳು 15,000, ಆಮೇಲಿನ ಐದು ತಿಂಗಳು 10,000ಕ್ಕೆ ಹರಾಜು ನಿಲ್ಲುತ್ತದೆ, ಕಡೆಯ ಐದು ತಿಂಗಳು ಕಮಿಷನ್ ಮಾತ್ರ ಕಳೆಯುತ್ತದೆ. ಆಗ ಪ್ರತಿಯೊಬ್ಬರೂ ಕಟ್ಟುವುದು 92,500. ಕೊನೆಯವರಿಗೆ ಸಿಗುವುದು ಅದೇ 95,000. ಇಪ್ಪತ್ತು ತಿಂಗಳು ಕಾದದ್ದಕ್ಕೆ ಲಾಭ 2,500 ರೂಪಾಯಿ, ವರ್ಷಕ್ಕೆ ಶೇ 3.5ರಷ್ಟು ಮಾತ್ರ. ಬ್ಯಾಂಕಿನಲ್ಲಿ ಇದರ ಸುಮಾರು ಎರಡರಷ್ಟು ಬರುತ್ತಿತ್ತು. ಚೀಟಿ ಅದೇ, ಕಮಿಷನ್ ಅದೇ. ಬದಲಾದದ್ದು ಕೂಗಿನ ಮೊತ್ತ ಮಾತ್ರ.

ತಪ್ಪು ಕಲ್ಪನೆ 3: ಚೀಟಿ ಬೇಗ ಎತ್ತಿದರೆ ಬಡ್ಡಿಯಿಲ್ಲದೆ ಸಾಲ ಸಿಕ್ಕಂತೆ.

ಸತ್ಯ: ಬಡ್ಡಿಯನ್ನು ಮುಂಗಡವಾಗಿ ಮುರಿದುಕೊಂಡಿರುತ್ತಾರೆ, ಅಷ್ಟೇ. ಮೇಲಿನ ಮೊದಲ ಲೆಕ್ಕದಲ್ಲಿ ಮೊದಲ ತಿಂಗಳೇ ಚೀಟಿ ಎತ್ತಿದವರಿಗೆ 70,000 ಸಿಗುತ್ತದೆ. ಆ ತಿಂಗಳ ಕಂತು ಕಳೆದರೆ ಕೈಯಲ್ಲಿ ಉಳಿಯುವುದು 66,250. ಮುಂದಿನ 19 ತಿಂಗಳಲ್ಲಿ ಅವರು ಕಟ್ಟುವುದು 84,500. ಇದನ್ನು ಸಾಲವೆಂದು ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಶೇ 29ರ ಹತ್ತಿರ ಬರುತ್ತದೆ. ಬ್ಯಾಂಕಿನ ಚಿನ್ನದ ಸಾಲಕ್ಕೆ ಹೋಲಿಸಿದರೆ ಇದು ಬಹಳ ದುಬಾರಿ.

ಹಾಗಿದ್ದರೂ ವ್ಯಾಪಾರಿಗಳು ಚೀಟಿ ಬಿಡದಿರುವುದಕ್ಕೆ ಕಾರಣವಿದೆ. ಆದಾಯ ತೆರಿಗೆ ವಿವರ, ಸಂಬಳದ ಚೀಟಿ ತೋರಿಸಲಾಗದವರಿಗೆ ಬ್ಯಾಂಕು ಸಾಲ ಕೊಡುವುದು ಕಷ್ಟ. ಚೀಟಿಯಲ್ಲಿ ಜಾಮೀನು ಕೊಟ್ಟರೆ ಸಾಕು. ಆದರೆ ಒಮ್ಮೆ ಚೀಟಿ ಎತ್ತಿದ ಮೇಲೆ ಕಂತು ತಪ್ಪಿಸುವಂತಿಲ್ಲ. ತಪ್ಪಿಸಿದರೆ ಉಳಿದ ಕಂತುಗಳನ್ನೆಲ್ಲ ಒಂದೇ ಸಲ ಕೇಳುವ ಅಧಿಕಾರವನ್ನು ಕಾನೂನು ಫೋರ್‌ಮನ್ನರಿಗೆ ಕೊಟ್ಟಿದೆ.

ತಪ್ಪು ಕಲ್ಪನೆ 4: ನೋಂದಣಿಯಾದ ಚೀಟಿಗೆ ಸರ್ಕಾರವೇ ಗ್ಯಾರಂಟಿ.

ಸತ್ಯ: ನೋಂದಣಿ ಎಂದರೆ ನಿಯಂತ್ರಣ, ಗ್ಯಾರಂಟಿ ಅಲ್ಲ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಮೊದಲೇ ಅನುಮತಿ ಪಡೆಯದೆ ಚೀಟಿ ಆರಂಭಿಸುವಂತಿಲ್ಲ. ಕಂಪನಿಗೆ ಒಂದು ಸಲ ನೋಂದಣಿಯಾಗಿದ್ದರೆ ಸಾಲದು, ಅದು ನಡೆಸುವ ಒಂದೊಂದು ಗುಂಪಿಗೂ ಬೇರೆ ನೋಂದಣಿ ಬೇಕು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆ. 2019ರ ತಿದ್ದುಪಡಿ ಫೋರ್‌ಮನ್ ಕಮಿಷನ್ನಿನ ಮಿತಿಯನ್ನು ಶೇ 5ರಿಂದ ಶೇ 7ಕ್ಕೆ ಏರಿಸಿತು.

ಫೋರ್‌ಮನ್ ಚೀಟಿಯ ಮೊತ್ತದಷ್ಟು ಭದ್ರತೆ ಇಡಬೇಕು. ಒಂದು ಲಕ್ಷದ ಚೀಟಿಗೆ ಒಂದು ಲಕ್ಷ. ಇದು ಒಂದು ತಿಂಗಳ ಗಂಟಿಗೆ ಸಮ, ಗುಂಪಿನ ಇಡೀ ಹಣಕ್ಕಲ್ಲ. ಹದಿನೈದನೇ ತಿಂಗಳು ಮುಗಿದಾಗ ಇನ್ನೂ ಐದು ಜನ ಚೀಟಿ ಎತ್ತಿರುವುದಿಲ್ಲ. ಮೇಲಿನ ಮೊದಲ ಲೆಕ್ಕದಂತೆ ಅವರಲ್ಲಿ ಒಬ್ಬೊಬ್ಬರೂ 63,250 ಕಟ್ಟಿರುತ್ತಾರೆ. ಐವರದೂ ಸೇರಿ ಮೂರು ಲಕ್ಷಕ್ಕೂ ಹೆಚ್ಚು. ಆಗ ಫೋರ್‌ಮನ್ ಕೈಚೆಲ್ಲಿದರೆ ಭದ್ರತೆಯ ಒಂದು ಲಕ್ಷ ಮೂರನೇ ಒಂದು ಪಾಲಿಗೂ ಸಾಲದು. ಉಳಿದದ್ದು ಮೊದಲೇ ಎತ್ತಿದವರಿಂದ ವಸೂಲಾಗಬೇಕು. ಹಾಗಾಗಿ ಕೊನೆಯವರೆಗೆ ಕಾಯುವವರ ನಿಜವಾದ ಭದ್ರತೆ ಎಂದರೆ ಎತ್ತಿದವರಿಂದ ಫೋರ್‌ಮನ್ ಪಡೆದ ಜಾಮೀನು ಎಷ್ಟು ಗಟ್ಟಿ ಎಂಬುದು. ವ್ಯಾಜ್ಯ ಬಂದರೆ ಸಿವಿಲ್ ಕೋರ್ಟಿಗಲ್ಲ, ಚೀಟಿ ನಿಬಂಧಕರ ಬಳಿ ಹೋಗಬೇಕು. ಅಲ್ಲಿ ಗೆದ್ದರೂ ವಸೂಲಿಗೆ ಕಾಲ ಹಿಡಿಯುತ್ತದೆ.

ಪರಿಚಯದವರು ನೋಂದಣಿಯಿಲ್ಲದೆ ನಡೆಸುವ ಕೈಚೀಟಿಯಲ್ಲಿ ಈ ಭದ್ರತೆಯೂ ಇಲ್ಲ, ಒಪ್ಪಂದದ ಪ್ರತಿಯೂ ಇಲ್ಲ. ಅಲ್ಲಿ ಇರುವುದು ನಡೆಸುವವರ ಮೇಲಿನ ನಂಬಿಕೆ ಮಾತ್ರ. ನೋಂದಣಿಯಾದ ಚೀಟಿಯನ್ನು ಗುರುತಿಸುವುದು ಸುಲಭ. ಸೇರಿದ ಗುಂಪಿನ ನೋಂದಣಿ ಸಂಖ್ಯೆ ಮತ್ತು ಚೀಟಿ ಒಪ್ಪಂದದ ಪ್ರತಿ ಕೇಳಿದರೆ ಕೊಡಲೇಬೇಕು. ಕಂಪನಿಯ ಪ್ರಮಾಣಪತ್ರ ತೋರಿಸಿ ಗುಂಪಿನದನ್ನು ತೋರಿಸದಿದ್ದರೆ ಅನುಮಾನ ಪಡಬೇಕು.

ತಪ್ಪು ಕಲ್ಪನೆ 5: ಬ್ಯಾಂಕಿನ ಆರ್‌ಡಿಗೆ ಅಪಾಯವೇ ಇಲ್ಲ.

ಸತ್ಯ: ಅಪಾಯ ಕಡಿಮೆ, ಆದರೆ ಇಲ್ಲ ಎನ್ನುವಂತಿಲ್ಲ. ಬಸವನಗುಡಿಯ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 2020ರ ಜನವರಿಯಲ್ಲಿ ಇದನ್ನು ಕಂಡರು. ರಿಸರ್ವ್ ಬ್ಯಾಂಕ್ ಆ ಬ್ಯಾಂಕಿನ ವ್ಯವಹಾರಕ್ಕೆ ನಿರ್ಬಂಧ ಹೇರಿ, ಠೇವಣಿದಾರರು ಹಿಂಪಡೆಯಬಹುದಾದ ಹಣಕ್ಕೆ 35,000 ರೂಪಾಯಿಯ ಮಿತಿ ಹಾಕಿತು. ಠೇವಣಿಯಲ್ಲಿ ಲಕ್ಷಗಟ್ಟಲೆ ಇದ್ದವರಿಗೂ ಅಷ್ಟೇ.

ಆ ಹೊತ್ತಿನಲ್ಲಿ ಠೇವಣಿ ವಿಮೆಯ ಮಿತಿ ಒಂದು ಲಕ್ಷ ರೂಪಾಯಿ ಇತ್ತು. 2020ರ ಫೆಬ್ರುವರಿ 4ರಿಂದ ಅದು ಐದು ಲಕ್ಷವಾಯಿತು. ಈ ಐದು ಲಕ್ಷ ಒಂದೊಂದು ಖಾತೆಗಲ್ಲ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ. ಉಳಿತಾಯ ಖಾತೆ, ಎಫ್‌ಡಿ, ಆರ್‌ಡಿ ಎಲ್ಲದರ ಅಸಲು, ಬಡ್ಡಿ ಸೇರಿಸಿಯೇ ಲೆಕ್ಕ. ಬೇರೆ ಶಾಖೆಯಲ್ಲಿ ಇಟ್ಟರೂ ಬ್ಯಾಂಕು ಒಂದೇ ಆದ್ದರಿಂದ ಮಿತಿ ಒಂದೇ. 2021ರ ತಿದ್ದುಪಡಿಯ ನಂತರ, ಬ್ಯಾಂಕಿನ ಮೇಲೆ ಇಂಥ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆಯ ಹಣ ಕೊಡಬೇಕೆಂಬ ನಿಯಮ ಬಂತು. ಅದಕ್ಕೂ ಮೊದಲು ಬ್ಯಾಂಕು ಮುಚ್ಚಿ ಲೆಕ್ಕ ಚುಕ್ತಾ ಆಗುವವರೆಗೆ ಕಾಯಬೇಕಿತ್ತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ವಿಮೆ ಇರುವುದು ಬ್ಯಾಂಕಿಗೆ, ಪತ್ತಿನ ಸಹಕಾರ ಸಂಘಕ್ಕಲ್ಲ. ಚಾಮರಾಜಪೇಟೆಯಿಂದ ಮಲ್ಲೇಶ್ವರದವರೆಗೆ ಬೀದಿ ಬೀದಿಯಲ್ಲಿ ಕಾಣುವ ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳು ಕೂಡ ಆರ್‌ಡಿ ಮತ್ತು ಪಿಗ್ಮಿ ಸಂಗ್ರಹಿಸುತ್ತವೆ. ಹೆಚ್ಚು ಬಡ್ಡಿಯೂ ಕೊಡುತ್ತವೆ. ಆದರೆ ಅವು ಮುಳುಗಿದರೆ ಈ ಐದು ಲಕ್ಷದ ರಕ್ಷಣೆ ಸಿಗದು.

ನಡುವೆ ನಿಲ್ಲಿಸಬೇಕಾಗಿ ಬಂದರೆ ಮಾತ್ರ ಆರ್‌ಡಿಯೇ ಮೇಲು. ಬಡ್ಡಿಯಲ್ಲಿ ಸ್ವಲ್ಪ ಕಡಿತವಾಗಿ ಕಟ್ಟಿದ ಹಣ ಕೈಗೆ ಬರುತ್ತದೆ, ಇಲ್ಲವೇ ಅದರ ಮೇಲೆ ಸಾಲ ಸಿಗುತ್ತದೆ. ಚೀಟಿ ಎತ್ತದೆ ನಡುವೆ ಬಿಟ್ಟವರು ತಮ್ಮ ಜಾಗಕ್ಕೆ ಇನ್ನೊಬ್ಬರು ಸೇರುವವರೆಗೆ, ಅಥವಾ ಚೀಟಿ ಮುಗಿಯುವವರೆಗೆ ಕಾಯಬೇಕಾಗುತ್ತದೆ.

ತಪ್ಪು ಕಲ್ಪನೆ 6: ಶಾರದಾದಂಥ ಹಗರಣಗಳು ಚೀಟಿಯಿಂದಲೇ ಆದವು.

ಸತ್ಯ: 2013ರಲ್ಲಿ ಪಶ್ಚಿಮ ಬಂಗಾಳದಲ್ಲಿ ಕುಸಿದ ಶಾರದಾ ಸಮೂಹವನ್ನು ಪತ್ರಿಕೆಗಳು ಚಿಟ್ ಫಂಡ್ ಎಂದು ಕರೆದವು. ಅಲ್ಲಿ ಹರಾಜಿರಲಿಲ್ಲ, ಸದಸ್ಯರ ಗುಂಪಿರಲಿಲ್ಲ. ಹೆಚ್ಚು ಲಾಭದ ಆಸೆ ತೋರಿಸಿ ಜನರಿಂದ ಹಣ ಸಂಗ್ರಹಿಸಲಾಗಿತ್ತು. ಹೊಸಬರನ್ನು ಸೇರಿಸಿದಷ್ಟೂ ಹಣ ಬರುತ್ತದೆಂಬ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ.

ಎರಡನ್ನೂ ಬೇರ್ಪಡಿಸಲು ಮೂರು ಪ್ರಶ್ನೆ ಸಾಕು. ಸದಸ್ಯರ ಸಂಖ್ಯೆ ಮತ್ತು ತಿಂಗಳ ಸಂಖ್ಯೆ ಮೊದಲೇ ನಿಗದಿಯಾಗಿದೆಯೇ? ಪ್ರತಿ ತಿಂಗಳೂ ಸದಸ್ಯರಲ್ಲೇ ಒಬ್ಬರಿಗೆ ಗಂಟು ಹೋಗುತ್ತದೆಯೇ? ಲಾಭ ಇಷ್ಟೇ ಎಂದು ಮೊದಲೇ ಮಾತು ಕೊಟ್ಟಿದ್ದಾರೆಯೇ? ನಿಜವಾದ ಹರಾಜು ಚೀಟಿಯಲ್ಲಿ ಮೊದಲ ಎರಡಕ್ಕೆ ಉತ್ತರ ಹೌದು, ಮೂರನೆಯದಕ್ಕೆ ಇಲ್ಲ. ಕೂಗು ಎಷ್ಟಕ್ಕೆ ನಿಲ್ಲುತ್ತದೆಂದು ಫೋರ್‌ಮನ್ನರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಚೀಟಿಯ ಹೆಸರಿನಲ್ಲಿ ಯಾರಾದರೂ ಇಂತಿಷ್ಟು ಲಾಭ ಖಚಿತ ಎಂದರೆ, ಅವರು ನಡೆಸುತ್ತಿರುವುದು ಹರಾಜು ಚೀಟಿಯಲ್ಲ.