ಬೆಲೆ ಸರಾಸರಿಗೆ ಮರಳದಿದ್ದಾಗ

ಷೇರುಪೇಟೆ ಹಲವು ವಾರ ಒಂದೇ ಮಟ್ಟದ ಆಸುಪಾಸಿನಲ್ಲಿ ಏರಿಳಿಯುವುದುಂಟು. ಇಂಥ ಕಾಲದಲ್ಲಿ ಸರಾಸರಿಯಿಂದ ತೀರಾ ದೂರ ಹೋದ ಬೆಲೆ ಮರಳಿ ಅಲ್ಲಿಗೇ ಬರುತ್ತದೆ ಎಂದು ನಂಬಿ ಕೊಳ್ಳುವವರಿದ್ದಾರೆ. 'ತೀರಾ ದೂರ' ಎಂದರೆ ಎಷ್ಟು ಎಂಬುದನ್ನು ಅಳೆಯಲು 1980ರ ದಶಕದಲ್ಲಿ ಜಾನ್ ಬೋಲಿಂಜರ್ ರೂಪಿಸಿದ ಪಟ್ಟಿಗಳು ಇಂದಿಗೂ ಬಳಕೆಯಲ್ಲಿವೆ.

ಲೆಕ್ಕ ಸರಳ. ಕಳೆದ 20 ದಿನಗಳ ಮುಕ್ತಾಯದ ಬೆಲೆಗಳ ಸರಾಸರಿಯೇ ನಡುಗೆರೆ. ಆ ಬೆಲೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ ಪ್ರಮಾಣಿತ ವಿಚಲನೆ. ಅದರ ಎರಡರಷ್ಟನ್ನು ನಡುಗೆರೆಗೆ ಕೂಡಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಉದಾಹರಣೆಗೆ, ಸರಾಸರಿ 12,100, ವಿಚಲನೆ 150 ಆಗಿದ್ದರೆ ಗೆರೆಗಳು 12,400 ಮತ್ತು 11,800ರಲ್ಲಿ ಬೀಳುತ್ತವೆ.

2020ರ ಆರಂಭದಲ್ಲಿ ನಿಫ್ಟಿ ಹೀಗೇ ಓಲಾಡುತ್ತಿತ್ತು. ಫೆಬ್ರವರಿ 1ರ ಬಜೆಟ್ ದಿನ ಅದು 11,662ರ ಸುಮಾರಿಗೆ ಕುಸಿಯಿತು. ಎರಡು ವಾರದೊಳಗೆ 12,200 ತಲುಪಿತು. ಕೆಳಗೆ ಕೊಂಡವರ ನಂಬಿಕೆ ನಿಜವಾಯಿತು. ಫೆಬ್ರವರಿ 28ರಂದು ಅದು 11,202ಕ್ಕೆ ಇಳಿದಾಗಲೂ ಹಲವರಿಗೆ ಅದೇ ಅವಕಾಶ ಮತ್ತೆ ಬಂದಂತೆ ಕಂಡಿರಬೇಕು. ಆದರೆ ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಬಂದು ನಿಂತಿತು. ಮತ್ತೆ 12,000ದ ಮೇಲೆ ಮುಕ್ತಾಯವಾದದ್ದು ನವೆಂಬರ್‌ನಲ್ಲಿ.

ಬೆಲೆಗೂ ಸರಾಸರಿಗೂ ನಡುವಿನ ಅಂತರ ಮುಚ್ಚುವುದು ಎರಡು ಬಗೆಯಲ್ಲಿ. ಬೆಲೆ ಸರಾಸರಿಯ ಕಡೆಗೆ ಬರಬಹುದು. ಇಲ್ಲವೇ ಸರಾಸರಿಯೇ ಇಳಿದು ಬೆಲೆಯನ್ನು ಸೇರಬಹುದು. ಮಾರ್ಚ್‌ನಲ್ಲಿ ಆದದ್ದು ಎರಡನೆಯದು. ಪ್ರತಿ ದಿನದ ಕುಸಿತವೂ 20 ದಿನದ ಲೆಕ್ಕದೊಳಗೆ ಸೇರಿ ನಡುಗೆರೆಯನ್ನು ಕೆಳಗೆಳೆಯಿತು, ವಿಚಲನೆಯನ್ನು ಹಿಗ್ಗಿಸಿತು. ಹೀಗಾಗಿ ಕೆಳಗಿನ ಗೆರೆಯೂ ಬೆಲೆಯ ಜೊತೆ ಕೆಳಗೆ ಓಡುತ್ತಾ ಹೋಯಿತು. ಗೆರೆ ಮುಟ್ಟಿದಾಗಲೆಲ್ಲ ಕೊಂಡವರಲ್ಲಿ ಹಲವರು ಕಳೆದುಕೊಂಡರು.

ಓಲಾಟ ಮುಗಿದು ಒಂದೇ ದಿಕ್ಕಿನ ಓಟ ಶುರುವಾಗಿದೆ ಎಂದು ತಿಳಿಯಲು ಮೂರು ಗುರುತುಗಳಿವೆ. ಮೊದಲನೆಯದು, ಹಿಂದಿನ ಓಲಾಟದ ಕನಿಷ್ಠ ಮಟ್ಟಕ್ಕಿಂತ ಕೆಳಗೆ ದಿನದ ಮುಕ್ತಾಯ. ಫೆಬ್ರವರಿ 27ರಂದು 11,662 ಮುರಿದದ್ದು ಇದೇ. ಎರಡನೆಯದು, ಎರಡೂ ಗೆರೆಗಳು ಬಾಯ್ತೆರೆದಂತೆ ಒಂದಕ್ಕೊಂದು ದೂರ ಸರಿಯುವುದು, ಜೊತೆಗೆ ನಡುಗೆರೆಯೂ ವಾಲುವುದು. ಮೂರನೆಯದು, ಬೆಲೆ ಚೇತರಿಸಿಕೊಂಡರೂ ನಡುಗೆರೆ ಮುಟ್ಟಲಾರದೆ ಮತ್ತೆ ಬೀಳುವುದು. ಒಂದೇ ಗುರುತು ಮೋಸ ಮಾಡೀತು, ಏಕೆಂದರೆ ಗೆರೆ ದಾಟಿ ಮರುದಿನವೇ ಒಳಗೆ ಬರುವ ಹುಸಿ ಜಿಗಿತಗಳೂ ಉಂಟು. ಮೂರೂ ಕೂಡಿ ಬರುವವರೆಗೆ ಕಾದರೆ ನಷ್ಟ ಬೆಳೆದಿರುತ್ತದೆ.

ಆದ್ದರಿಂದ ಗೆರೆ ಮುಟ್ಟಿತೆಂದು ಕೊಳ್ಳುವ ಮುನ್ನವೇ ಎಲ್ಲಿ ಮಾರಿ ಹೊರಬರಬೇಕೆಂಬ ಬೆಲೆಯನ್ನು ಬರೆದಿಡಿ. ಅದು ಹಿಂದಿನ ಕನಿಷ್ಠ ಮಟ್ಟದ ತುಸು ಕೆಳಗಿರಲಿ. ಆ ಮಟ್ಟದ ಕೆಳಗೆ ಮುಕ್ತಾಯವಾದ ಮೇಲೆ ಇನ್ನಷ್ಟು ಕೊಂಡು ಸರಾಸರಿ ಇಳಿಸಲು ಹೋಗಬೇಡಿ.